ಸಾಲಿನ ಪಕ್ಕದ ಪ್ರಶ್ನೆ

"ಇದು ಸ್ಕ್ರಿಪ್ಟೋ, ರಂಗೋಲಿಯೋ?"

ಮೇಷ್ಟ್ರು ಕನ್ನಡಕ ತೆಗೆದು, ಹಾಳೆಯನ್ನು ತೋಳಿನುದ್ದ ದೂರ ಹಿಡಿದು ಕೇಳಿದರು. ಸಾಕ್ಷ್ಯಚಿತ್ರಗಳ ನಿರೂಪಣೆಗೆ ನಾನು ಟಿಪ್ಪಣಿ ಬರೆಯತೊಡಗಿದ ಹೊಸತು ಅದು. ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಬೇಕು, ಯಾವ ಭಾವ ಬೇಕು ಎಂಬುದನ್ನೆಲ್ಲ ಮೊದಲೇ ಬರೆದುಕೊಟ್ಟರೆ ಸ್ಟುಡಿಯೊದಲ್ಲಿ ಸಮಯ ಉಳಿಯುತ್ತದೆ ಎಂದು ಯಾರೋ ಹೇಳಿದ್ದರು. ನಾನು ಮೂರು ಬಣ್ಣದ ಪೆನ್ನು ಹಿಡಿದು ಕೂತಿದ್ದೆ. ಒತ್ತಿಗೆ ಕೆಂಪು, ನಿಲುಗಡೆಗೆ ನೀಲಿ, ಭಾವಕ್ಕೆ ಹಸಿರು. ಹಸಿರಿನಲ್ಲಿ 'ಗಾಂಭೀರ್ಯದಿಂದ', 'ಹೆಮ್ಮೆಯಿಂದ', 'ವಿಷಾದ ಬೆರೆತ ಭರವಸೆಯಿಂದ' ಎಂದೆಲ್ಲ ಇತ್ತು. ಮೇಷ್ಟ್ರು ರಂಗಭೂಮಿಯಲ್ಲಿ ಪಳಗಿದವರು, ನಿವೃತ್ತ ಹೈಸ್ಕೂಲು ಶಿಕ್ಷಕರು. ಹಸಿರಿನ ಕೊನೆಯ ಟಿಪ್ಪಣಿಯ ಮೇಲೆ ಬೆರಳಿಟ್ಟು, "ಇದನ್ನು ನೀನೇ ಒಂದು ಸಲ ಮಾಡಿ ತೋರಿಸಪ್ಪಾ" ಅಂದರು. ನನಗೆ ಬರಲಿಲ್ಲ. ಯಾರಿಗೂ ಬರುವಂಥದ್ದಲ್ಲ ಅದು.

ಆಮೇಲೆ ಬಹಳ ಹಾಳೆಗಳನ್ನು ಬರೆದಿದ್ದೇನೆ. ಈಗ ಪೆನ್ಸಿಲ್ ಒಂದೇ, ಗುರುತು ನಾಲ್ಕೇ. ಒಂದು ಓರೆಗೆರೆ ಎಂದರೆ ಚಿಕ್ಕ ತಡೆ, ಎರಡು ಓರೆಗೆರೆ ಎಂದರೆ ಪೂರ್ತಿ ನಿಲುಗಡೆ. ಪದದ ಕೆಳಗೆ ಗೆರೆ ಎಳೆದಿದ್ದರೆ ಆ ಸಾಲಿನ ಭಾರ ಅಲ್ಲಿ. ಎರಡು ಪದಗಳ ಕೆಳಗೆ ಬಿಲ್ಲಿನಂಥ ಗೆರೆ ಇದ್ದರೆ ಅವನ್ನು ಬಿಡಿಸಕೂಡದು. ಬಲಗಡೆ ಅಂಚಿನಲ್ಲಿ ಜಾಗ ಬಿಡುತ್ತೇನೆ. ಅಲ್ಲಿ ಭಾವದ ಹೆಸರು ಬರೆಯುವುದಿಲ್ಲ, ಒಂದು ಪ್ರಶ್ನೆ ಬರೆಯುತ್ತೇನೆ. ಅದೇನೆಂದು ಹೇಳುವುದಕ್ಕೆ ಒಂದು ಕೆಲಸವನ್ನೇ ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ಶಿವನಸಮುದ್ರದ ವಿದ್ಯುತ್ತಿನ ಬಗ್ಗೆ ಒಂದು ಪುಟ್ಟ ಸಾಕ್ಷ್ಯಚಿತ್ರ. ಅದರ ಆರಂಭದ ತುಣುಕು ಒಂದೂಕಾಲು ನಿಮಿಷದ್ದು. ಮೊದಲು ಜಲಪಾತ, ಆಮೇಲೆ ಹಳೆಯ ಯಂತ್ರಗಳು, ತಂತಿ ಹೊತ್ತ ಕಂಬಗಳ ಸಾಲು, ಒಂದು ಭಾವಚಿತ್ರ, ರಾತ್ರಿಯ ಬೆಂಗಳೂರು, ಕೊನೆಗೆ ಕೆಜಿಎಫ್‌ನ ಪಾಳುಬಿದ್ದ ಗಣಿಯ ಚೌಕಟ್ಟು. ನನ್ನ ಕೈಗೆ ಬಂದ ಬರಹದಲ್ಲಿ ಯಂತ್ರಗಳ ದೃಶ್ಯಕ್ಕೆ ಈ ವಾಕ್ಯವಿತ್ತು:

"1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಉತ್ಪಾದಿಸಲ್ಪಟ್ಟ ವಿದ್ಯುತ್ತನ್ನು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ಯಶಸ್ವಿಯಾಗಿ ರವಾನಿಸಲಾಯಿತು."

ಪಕ್ಕದಲ್ಲಿ ಸೂಚನೆಯೂ ಇತ್ತು: 'ರೋಮಾಂಚನದಿಂದ, ಒಂಬತ್ತು ಸೆಕೆಂಡಿನಲ್ಲಿ.'

ಬರೆದವರು ಲೆಕ್ಕ ಹಾಕಿಯೇ ಬರೆದಿದ್ದರು. ಇಂಗ್ಲಿಷ್ ನಿರೂಪಣೆಯಲ್ಲಿ ನಿಮಿಷಕ್ಕೆ ಸುಮಾರು 150 ಪದ ಎಂಬುದು ರೂಢಿಯ ಅಂದಾಜು. ಈ ವಾಕ್ಯದಲ್ಲಿರುವುದು 14 ಪದ. ಆ ಲೆಕ್ಕದಲ್ಲಿ ಆರು ಸೆಕೆಂಡೂ ಬೇಡ, ಒಂಬತ್ತು ಧಾರಾಳ. ಆದರೆ ಕನ್ನಡದ ಪದ ಇಂಗ್ಲಿಷಿನ ಪದದ ಹಾಗೆ ಒಂಟಿಯಲ್ಲ, ಅದು ವಿಭಕ್ತಿ, ಕಾಲ, ಬಹುವಚನವನ್ನೆಲ್ಲ ಬೆನ್ನ ಮೇಲೆ ಹೊತ್ತುಕೊಂಡೇ ನಡೆಯುತ್ತದೆ. 'ರವಾನಿಸಲಾಯಿತು' ಎಂಬುದು ಲೆಕ್ಕಕ್ಕೆ ಒಂದು ಪದ, ಬಾಯಿಗೆ ಏಳು ಅಕ್ಷರ. '1902ರ' ಎಂಬುದು ಹಾಳೆಯ ಮೇಲೆ ಒಂದು ಪದ. ಬಾಯಲ್ಲಿ ಅದು 'ಸಾವಿರದ ಒಂಬೈನೂರ ಎರಡರ', ಅಂದರೆ ಹನ್ನೆರಡು ಅಕ್ಷರ. ನಾನು ಪದ ಎಣಿಸುವುದನ್ನು ಬಿಟ್ಟು ಅಕ್ಷರ ಎಣಿಸುತ್ತೇನೆ. ನಿಧಾನದ ನಿರೂಪಣೆಗೆ ಸೆಕೆಂಡಿಗೆ ಐದು ಅಕ್ಷರ ಎಂಬುದು ನನ್ನ ಅಳತೆ. ಓದುವವರನ್ನು ನೋಡಿ ಅರ್ಧ ಅಕ್ಷರ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತೇನೆ. ಈ ವಾಕ್ಯ 73 ಅಕ್ಷರ. ಹದಿನಾಲ್ಕೂವರೆ ಸೆಕೆಂಡು ಬೇಕು, ಅದೂ ಎಲ್ಲೂ ಉಸಿರು ತೆಗೆದುಕೊಳ್ಳದೆ. ಇದನ್ನು ಒಂಬತ್ತು ಸೆಕೆಂಡಿನಲ್ಲಿ ಮುಗಿಸಿ, ಮೇಲೆ ರೋಮಾಂಚನವನ್ನೂ ತರಬೇಕೆಂದರೆ ಹೊಮ್ಮುವುದು ಕ್ರಿಕೆಟ್ ವೀಕ್ಷಕ ವಿವರಣೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನಾಯಿತು ಎಂಬ ಸುದ್ದಿ ಇರುವುದು ಅಲ್ಲೇ. ಉಸಿರು ತೀರುವುದೂ ಅಲ್ಲೇ. ಉದ್ದ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಗಂಟಲಲ್ಲಿ ಗಾಳಿ ಉಳಿದಿರುವುದಿಲ್ಲ, '...ಲಾಯಿತು' ಎಂಬುದು ಹಿನ್ನೆಲೆ ಸಂಗೀತದ ಕೆಳಗೆ ಹೂತುಹೋಗುತ್ತದೆ. 'ಕ್ರಿಯಾಪದ ನುಂಗಬೇಡಿ' ಎಂದು ಎಷ್ಟು ಸಲ ಬರೆದರೂ ಓದುವವರು ನುಂಗುತ್ತಾರೆ. ತಪ್ಪು ಅವರದಲ್ಲ, ವಾಕ್ಯದ್ದು. ಟಿಪ್ಪಣಿ ಬರೆಯಲು ಕೂತವರು ಮೊದಲು ಗಮನಿಸಬೇಕಾದ್ದು ಇದನ್ನೇ: ಒಂದೇ ಸಾಲಿಗೆ ಮೂರು ಸೂಚನೆ ಬೇಕೆನಿಸಿದರೆ ಆ ಸಾಲನ್ನು ಬದಲಿಸುವ ಹೊತ್ತು ಬಂದಿದೆ.

ಹಾಗಾಗಿ ಬರಹವನ್ನೇ ಬಿಡಿಸಿ ಕಟ್ಟಿದೆ. ಸ್ಟುಡಿಯೊಕ್ಕೆ ಹೋದ ಹಾಳೆಯಲ್ಲಿ ಇದ್ದದ್ದು ಇಷ್ಟು:

ಒಂದು: ಕಾವೇರಿ ಇಲ್ಲಿ ಎರಡಾಗುತ್ತಾಳೆ.

ಎರಡು: ಒಂದು ಕಡೆ ಗಗನಚುಕ್ಕಿ. ಇನ್ನೊಂದು ಕಡೆ ಭರಚುಕ್ಕಿ.

ಮೂರು: ಸಾವಿರದ ಒಂಬೈನೂರ ಎರಡು, ಜೂನ್ ಮೂವತ್ತು. // ಈ ನೀರಿನಿಂದ ಹುಟ್ಟಿದ ವಿದ್ಯುತ್ತು / ಕೋಲಾರದ ಚಿನ್ನದ ಗಣಿಗೆ ಹೊರಟಿತು.

ನಾಲ್ಕು: ನಡುವಿನ ದಾರಿ ನೂರ ನಲವತ್ತೇಳು ಕಿಲೋಮೀಟರು.

ಐದು: ಆ ತಂತಿ ಹಾದುಹೋದ ಊರುಗಳಲ್ಲಿ / ಆ ರಾತ್ರಿ ಹಚ್ಚಿದ್ದು ಎಣ್ಣೆಯ ದೀಪವನ್ನೇ.

ಆರು: ಈ ಯೋಜನೆಯ ಬೆನ್ನಿಗೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಇದನ್ನು ನೋಡಲಿಲ್ಲ. // ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಏಳು: ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು ಮೂರು ವರ್ಷದ ಮೇಲೆ.

ಎಂಟು: ಗಣಿ ಈಗ ಮುಚ್ಚಿದೆ. // ನೀರು ಬೀಳುತ್ತಲೇ ಇದೆ.

ಒಟ್ಟು 184 ಅಕ್ಷರ, ಅಂದರೆ ಸುಮಾರು 37 ಸೆಕೆಂಡು ಮಾತು. ಚಿತ್ರ ಇರುವುದು 75 ಸೆಕೆಂಡು. ಉಳಿದ ಅರ್ಧ ನೀರಿಗೆ, ಯಂತ್ರಕ್ಕೆ, ಗಾಳಿಗೆ. ಅಂಕಿಗಳನ್ನೆಲ್ಲ ಅಕ್ಷರದಲ್ಲೇ ಬರೆದಿರುವುದನ್ನು ಗಮನಿಸಿ. 147 ಎಂದು ಬರೆದಿಟ್ಟರೆ ಒಬ್ಬರು 'ನೂರ ನಲವತ್ತೇಳು' ಅನ್ನುತ್ತಾರೆ, ಇನ್ನೊಬ್ಬರು 'ಒನ್ ಫಾರ್ಟಿ ಸೆವೆನ್' ಎಂದು ಶುರು ಮಾಡಿ ನಿಲ್ಲುತ್ತಾರೆ. ಒಂದು ಟೇಕು ಹಾಳು. ಇನ್ನೊಂದು ಸಣ್ಣ ವಿಷಯ: ಯಾವ ಸಾಲೂ ಒಂದು ಹಾಳೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯಬಾರದು. ಹಾಳೆ ತಿರುವುವ ಸದ್ದು ಮೈಕಿಗೆ ಕೇಳುತ್ತದೆ. ಸದ್ದಾಗದಂತೆ ತಿರುವಲು ಹೋದರೆ ಓದುವವರ ಗಮನ ಮಾತಿನಿಂದ ಬೆರಳಿಗೆ ಜಾರುತ್ತದೆ.

ಇನ್ನು ಒಂದೊಂದೇ ಸಾಲು.

ಮೊದಲ ಸಾಲಿನಲ್ಲಿ ಕಾವೇರಿ 'ಎರಡಾಗುತ್ತಾಳೆ'. ನದಿಯನ್ನು ಹೆಣ್ಣಾಗಿ ಕರೆದ ಕೂಡಲೇ ನಮ್ಮ ನಿರೂಪಕರ ದನಿಗೆ ಊದಿನಕಡ್ಡಿಯ ವಾಸನೆ ಬರುತ್ತದೆ. 'ಕಾ...ವೇರಿ' ಎಂದು ಎಳೆಯುತ್ತಾರೆ. ಅಂಚಿನಲ್ಲಿ ನಾನು ಬರೆದ ಪ್ರಶ್ನೆ: 'ಎಲ್ಲಿ?' ಯಾರೋ 'ಎಲ್ಲಿ ಎರಡಾಗುತ್ತಾಳೆ?' ಎಂದು ಕೇಳಿದ್ದಕ್ಕೆ ಕೈ ತೋರಿಸಿ ಉತ್ತರ ಕೊಟ್ಟ ಹಾಗೆ ಓದಿದರೆ ಭಾರ ತಾನಾಗಿ 'ಇಲ್ಲಿ' ಎಂಬುದರ ಮೇಲೆ ಕೂರುತ್ತದೆ, ಭಕ್ತಿ ಇಳಿದು ದಾರಿ ತೋರಿಸುವವರ ದನಿ ಬರುತ್ತದೆ. ಒತ್ತಿನ ಗೆರೆ ಹಾಕುವ ಅಗತ್ಯವೇ ಬೀಳಲಿಲ್ಲ.

ಪಕ್ಕದಲ್ಲಿ ಪ್ರಶ್ನೆ ಬರೆಯುವುದು ಎಂದೆನಲ್ಲ, ಅದು ಇದು. ಭಾವದ ಹೆಸರನ್ನು ಯಾರೂ ಉಚ್ಚರಿಸಲಾರರು, ಆದರೆ ಪ್ರಶ್ನೆಗೆ ಉತ್ತರ ಕೊಡುವುದು ಎಲ್ಲರಿಗೂ ಹುಟ್ಟಿನಿಂದ ಬಂದ ವಿದ್ಯೆ. ಮನೆಯಲ್ಲಿ ಮಾತಾಡುವಾಗ ಯಾವ ಪದಕ್ಕೆ ಒತ್ತು ಕೊಡಬೇಕೆಂದು ನಾವು ಯೋಚಿಸುವುದಿಲ್ಲ. ಕೇಳಿದವರು ಏನು ಕೇಳಿದರೋ ಅದರ ಮೇಲೆ ದನಿ ಹೋಗಿ ಕೂರುತ್ತದೆ. ರೆಕಾರ್ಡಿಂಗ್ ಕೋಣೆಯೊಳಗೆ ಕೇಳುವವರು ಇರುವುದಿಲ್ಲ, ಹಾಗಾಗಿ ದನಿ ದಾರಿ ತಪ್ಪುತ್ತದೆ. ಆ ಕೇಳುವವರನ್ನು ಅಂಚಿನಲ್ಲಿ ಕೂರಿಸುವುದಷ್ಟೇ ನನ್ನ ಕೆಲಸ. ಬೇಕಾದರೆ ಗಾಜಿನ ಈಚೆಯಿಂದ ಟಾಕ್‌ಬ್ಯಾಕ್ ಒತ್ತಿ ಪ್ರಶ್ನೆಯನ್ನು ಬಾಯಲ್ಲೇ ಕೇಳಬಹುದು. ಸಾಲನ್ನು ನಾನೇ ಓದಿ ತೋರಿಸಿ 'ಹೀಗೆ ಹೇಳಿ' ಅನ್ನುವುದು ಮಾತ್ರ ಕೂಡದು. ಆಗ ಸಿಗುವುದು ನನ್ನ ಓದಿನ ನಕಲು. ನನ್ನ ಓದು ಚೆನ್ನಾಗಿದ್ದಿದ್ದರೆ ಮೇಷ್ಟ್ರನ್ನು ಕರೆಸುತ್ತಲೇ ಇರಲಿಲ್ಲವಲ್ಲ.

ಎರಡನೇ ಸಾಲಿನಲ್ಲಿ ಜೋಡಿಯ ಬಲೆ ಇದೆ. ಒಂದು ಕಡೆ ಇದು, ಇನ್ನೊಂದು ಕಡೆ ಅದು ಎಂದು ಬಂದರೆ ಮೊದಲರ್ಧಕ್ಕೆ ದನಿ ಏರಿಸಿ ಎರಡನೆಯದಕ್ಕೆ ಇಳಿಸುವುದು ಎಲ್ಲರ ಅಭ್ಯಾಸ. ಮಗ್ಗಿ ಒಪ್ಪಿಸಿದ ಹಾಗೆ ಕೇಳುತ್ತದೆ. ಎರಡೂ ಹೆಸರಿನಲ್ಲಿ 'ಚುಕ್ಕಿ' ಸಮಾನ, ಬೇರೆಯಾಗಿರುವುದು 'ಗಗನ' ಮತ್ತು 'ಭರ'. ಭಾರ ಬೀಳಬೇಕಾದ್ದು ಅಲ್ಲಿ, ಅಷ್ಟಕ್ಕೆ ಗೆರೆ ಎಳೆದೆ. ಜೊತೆಗೆ ರೆಕಾರ್ಡಿಸ್ಟಿಗಾಗಿ ಒಂದು ಮಾತು: 'ಭ' ಬರುವಾಗ ಮುಖ ಕೊಂಚ ಓರೆ. ಭ, ಫ, ಪ ಇವುಗಳ ಗಾಳಿ ನೇರ ಮೈಕಿಗೆ ಬಡಿದರೆ 'ಡಬ್' ಎಂದು ಸದ್ದಾಗುತ್ತದೆ. ಹಾಗೆಂದು ಮಹಾಪ್ರಾಣವನ್ನೇ ಬಿಟ್ಟು 'ಬರಚುಕ್ಕಿ' ಎಂದರೆ ಬರ ಬಂದ ಹಾಗಾಗುತ್ತದೆ. ಜಲಪಾತಕ್ಕೆ ಅದಕ್ಕಿಂತ ಅಪಮಾನ ಬೇಡ.

ಮೂರನೇ ಸಾಲು ಆ 73 ಅಕ್ಷರದ ವಾಕ್ಯದ ಮರುಹುಟ್ಟು. ಈಗ 40 ಅಕ್ಷರ, ಎಂಟು ಸೆಕೆಂಡು. ತಾರೀಕಿನ ಬಳಿಕದ ಒಂದು ಸೆಕೆಂಡಿನ ನಿಲುಗಡೆ ಸೇರಿದರೆ ಸರಿಯಾಗಿ ಒಂಬತ್ತು. 'ಉತ್ಪಾದಿಸಲ್ಪಟ್ಟ', 'ಯಶಸ್ವಿಯಾಗಿ', 'ರವಾನಿಸಲಾಯಿತು' ಮೂರೂ ಹೋದವು. ವಿದ್ಯುತ್ತು ಗಣಿಗೆ 'ಹೊರಟಿತು' ಎಂದ ಮೇಲೆ ಅದು ತಲುಪಿತೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಈ ಸಾಲಿನಲ್ಲಿ ನಿಲುಗಡೆಗಿಂತ ಮುಖ್ಯವಾದದ್ದು ಎಲ್ಲಿ ನಿಲ್ಲಬಾರದು ಎಂಬುದು. 'ಹುಟ್ಟಿದ' ಮತ್ತು 'ವಿದ್ಯುತ್ತು' ಇವುಗಳ ಕೆಳಗೆ ಬಿಲ್ಲಿನ ಗೆರೆ ಹಾಕಿದ್ದೆ. 'ಹುಟ್ಟಿದ', 'ಬಂದ', 'ಹಾದುಹೋದ' ಇಂಥವು ಮುಂದಿನ ನಾಮಪದದ ಕೈ ಹಿಡಿದುಕೊಂಡೇ ಇರುವ ಪದಗಳು. ಅವುಗಳ ನಡುವೆ ತಡೆದರೆ ಕೇಳುವವರು ಅರೆಕ್ಷಣ 'ಯಾರು ಹುಟ್ಟಿದ?' ಎಂದು ಗೊಂದಲಕ್ಕೆ ಬೀಳುತ್ತಾರೆ. ಕನ್ನಡದಲ್ಲಿ 'ಹುಟ್ಟಿದ' ಎಂಬುದು 'ಅವನು ಹುಟ್ಟಿದ' ಎಂಬುದೂ ಆಗುತ್ತದೆ ನೋಡಿ. ನಿಲುಗಡೆ ಒಂದು ಪದ ಆಚೀಚೆ ಸರಿದರೆ ಅರ್ಥವೇ ಸರಿಯುವುದುಂಟು. ಇದೇ ಚಿತ್ರದ ಇನ್ನೊಂದು ಕಡೆ 'ಹಳೆಯ ಗಣಿಯ ಕಾರ್ಮಿಕರು' ಎಂದಿತ್ತು. 'ಹಳೆಯ' ಆದ ಮೇಲೆ ತಡೆದರೆ ಹಳಬರು ಕಾರ್ಮಿಕರು, 'ಗಣಿಯ' ಆದ ಮೇಲೆ ತಡೆದರೆ ಹಳೆಯದು ಗಣಿ. ಅಚ್ಚಿನಲ್ಲಿ ಎರಡೂ ಒಂದೇ ಸಾಲು. ತಾಳೆಗರಿಯ ಕಾಲದಲ್ಲಿ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಎಲ್ಲಿ ಒಡೆಯಬೇಕು ಎಂಬುದೇ ಓದುಗನ ಪಾಂಡಿತ್ಯವಾಗಿತ್ತು. ಇವತ್ತಿಗೂ ಒಳ್ಳೆಯ ಗಮಕಿಯ ಓದಿನಲ್ಲಿ ಅರ್ಧ ವ್ಯಾಖ್ಯಾನ ಮುಗಿದಿರುವುದು ಈ ಒಡೆಯುವ ಜಾಗಗಳಲ್ಲೇ.

ನಿಲುಗಡೆ ಎಷ್ಟು ಹೊತ್ತಿನದು ಎಂಬ ಬಗ್ಗೆ ಮೊದಲು ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ. 'ಇಲ್ಲಿ 1.2 ಸೆಕೆಂಡು' ಎಂದೆಲ್ಲ ಬರೆದದ್ದೂ ಉಂಟು. ಒಬ್ಬ ಎಡಿಟರ್ ನಕ್ಕು ಬಿಡಿಸಿ ಹೇಳಿದರು: ನಿಂತ ಜಾಗ ಸರಿಯಿದ್ದರೆ ಎಷ್ಟು ಬೇಕಾದರೂ ಹಿಗ್ಗಿಸಿಕೊಡುತ್ತೇನೆ, ನಿಲ್ಲದೇ ಹೋದ ಜಾಗದಲ್ಲಿ ನನ್ನ ಕೈಲಿ ನಿಲ್ಲಿಸಲಾಗುವುದಿಲ್ಲ. ಅವರ ಮಾತು ಪೂರ್ತಿ ನಿಜ. ನಿಲ್ಲಲಿದ್ದೇನೆ ಎಂಬುದು ದನಿಗೆ ಮೊದಲೇ ಗೊತ್ತಿರುತ್ತದೆ. ನಿಲುಗಡೆಗೆ ಮುಂಚಿನ ಅಕ್ಷರ ಕೊಂಚ ಉದ್ದವಾಗುತ್ತದೆ, ಸ್ವರ ಇಳಿಯುತ್ತದೆ. ಗಡಿಬಿಡಿಯಲ್ಲಿ ಓದಿಕೊಂಡು ಹೋದ ವಾಕ್ಯವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ನಡುವೆ ಮೌನ ತುಂಬಿದರೆ ಪದ ಬಾಗಿಲ ಹೊಸ್ತಿಲಲ್ಲಿ ಕಾಲೆತ್ತಿ ನಿಂತ ಹಾಗೆ ಕೇಳುತ್ತದೆ. ಹಾಗಾಗಿ ಟಿಪ್ಪಣಿಯಲ್ಲಿ ಜಾಗವನ್ನು ಕಟ್ಟುನಿಟ್ಟಾಗಿ ಗುರುತಿಸುತ್ತೇನೆ, ಹೊತ್ತನ್ನು ಎಡಿಟರಿಗೆ ಬಿಡುತ್ತೇನೆ. ಅವರು ಹಿಗ್ಗಿಸಿಕೊಳ್ಳುವುದಕ್ಕೆ ಬೇಕಾದ ಮೌನವನ್ನು ಅದೇ ಕೋಣೆಯಲ್ಲಿ, ಅದೇ ಮೈಕಿನಲ್ಲಿ ಅರ್ಧ ನಿಮಿಷ ಹಿಡಿದಿಟ್ಟುಕೊಳ್ಳಬೇಕು. ರೂಮ್ ಟೋನ್ ಎನ್ನುತ್ತಾರೆ ಅದಕ್ಕೆ. ಪ್ರತಿ ಕೋಣೆಯ ಮೌನಕ್ಕೂ ತನ್ನದೇ ಸದ್ದಿದೆ. ಬೇರೆ ಮೌನ ತಂದು ತುಂಬಿದರೆ ಕಿವಿಗೆ ತೇಪೆ ಗೊತ್ತಾಗುತ್ತದೆ.

ನಾಲ್ಕನೇ ಸಾಲಿಗೆ ಟಿಪ್ಪಣಿ ಇಲ್ಲ. ಅಂಕಿ ತಾನೇ ದೊಡ್ಡದು, ಅದನ್ನು ದನಿಯಲ್ಲಿ ದೊಡ್ಡದು ಮಾಡುವುದು ಬೇಡ.

ಐದನೆಯದು ಈ ತುಣುಕಿನ ತಿರುವು. ಶಿವನಸಮುದ್ರದ ಮೊದಲ ವಿದ್ಯುತ್ತು ಹೋದದ್ದು ಗಣಿಗೆ, ಮನೆಗಳಿಗಲ್ಲ. ಇಲ್ಲಿ ಬರಹ ಕಳಿಸಿದವರ ಹಳೆಯ ಸೂಚನೆ 'ವ್ಯಂಗ್ಯದಿಂದ' ಎಂದಿತ್ತು. ವ್ಯಂಗ್ಯ ವಾಕ್ಯದಲ್ಲೇ ಇದೆ. ದನಿಯಲ್ಲೂ ಸೇರಿಸಿದರೆ ಕೇಳುವವರ ಪಾಲಿಗೆ ಏನೂ ಉಳಿಯುವುದಿಲ್ಲ. ಅಂಚಿನ ಪ್ರಶ್ನೆ: 'ಹಾಗಾದರೆ ದಾರಿಯ ಊರುಗಳಿಗೂ ಬೆಳಕು ಬಂತು ಅನ್ನಿ?' ಇದಕ್ಕೆ ಉತ್ತರವಾಗಿ ಓದಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಬರೆದಿದ್ದೆ: 'ದೀಪವನ್ನೇ' ಎಂಬಲ್ಲಿ 'ಏ' ಎಳೆಯಬೇಡಿ. ಕನ್ನಡದಲ್ಲಿ ಒತ್ತು ಕೊಡುವ ಕೆಲಸವನ್ನು ಬಹುಪಾಲು ವ್ಯಾಕರಣವೇ ಮಾಡಿಬಿಡುತ್ತದೆ. ಪದದ ತುದಿಗೆ ಒಂದು 'ಏ' ಅಂಟಿಸಿದರೆ ಒತ್ತು, 'ಊ' ಅಂಟಿಸಿದರೆ ಇನ್ನೊಂದು ಬಗೆಯ ಒತ್ತು. 'ಹಚ್ಚಿದರು' ಎನ್ನುವ ಬದಲು 'ಹಚ್ಚಿದ್ದು' ಎಂದು ತಿರುಗಿಸಿ ಮುಂದೆ ಪದವಿಟ್ಟರೆ ಆ ಪದಕ್ಕೆ ಒತ್ತು. ಇಂಗ್ಲಿಷಿನಲ್ಲಿ ವಾಕ್ಯ ಅಲುಗದೆ ಕೂತಿರುತ್ತದೆ, ದನಿಯ ಪೆಟ್ಟು ಮಾತ್ರ ಒಂದು ಪದದಿಂದ ಇನ್ನೊಂದಕ್ಕೆ ಹಾರುತ್ತದೆ. ನಮ್ಮಲ್ಲಿ ಪದಗಳೇ ಎದ್ದು ಜಾಗ ಬದಲಿಸುತ್ತವೆ. ಹಿಂದಿ, ಇಂಗ್ಲಿಷಿನಿಂದ ಡಬ್ ಆಗಿ ಬರುವ ಜಾಹೀರಾತುಗಳು ಯಾಕೆ ಕಿವಿಗೆ ಚುಚ್ಚುತ್ತವೆ ಎಂಬುದಕ್ಕೆ ಇದೊಂದು ಕಾರಣ: ಮೂಲದ ದನಿಯ ಪೆಟ್ಟನ್ನು ಹಾಗೇ ತಂದು ಕನ್ನಡ ಪದದ ನೆತ್ತಿಗೆ ಹೊಡೆಯುತ್ತಾರೆ. 'ಏ' ಇರುವ ಪದಕ್ಕೆ ಮತ್ತೆ ದನಿಯಿಂದ ಒತ್ತು ಕೊಡುವುದೂ ಅದೇ ಜಾತಿಯ ತಪ್ಪು. ಮೊಳೆ ಕೂತ ಮೇಲೂ ಸುತ್ತಿಗೆ ಬೀಸಿದರೆ ಹಲಗೆ ಸೀಳುತ್ತದೆ.

ಏಳನೇ ಸಾಲೂ ಇದೇ ಬಗೆಯದು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಅದು 'ಮೂರು ವರ್ಷದ ಮೇಲೆ ಬೆಂಗಳೂರಿನ ಬೀದಿಗೆ ಬೆಳಕು ಬಂತು' ಎಂದಿತ್ತು. 1905ರ ಆಗಸ್ಟಿನಲ್ಲಿ ಬೀದಿದೀಪಗಳು ಹೊತ್ತಿದ ಸಂಗತಿ. ಈ ರೂಪದಲ್ಲಿ ಓದುವವರು ತಪ್ಪದೆ 'ಬೆಳಕು' ಎಂಬುದನ್ನು ಎತ್ತಿಹಿಡಿಯುತ್ತಾರೆ, ಹಬ್ಬದ ದನಿ ಬಂದುಬಿಡುತ್ತದೆ. ಗಣಿಗೆ ಸಿಕ್ಕಿ ಮೂರು ವರ್ಷ ಕಳೆದ ಮೇಲೆ ರಾಜ್ಯದ ದೊಡ್ಡ ಊರಿಗೆ ಸಿಕ್ಕಿತು ಎಂಬುದು ನಮಗೆ ಬೇಕಾದ ಮಾತು. ಒತ್ತಿನ ಗೆರೆ, ಬಾಣದ ಗುರುತು, 'ಸಂಭ್ರಮ ಬೇಡ' ಎಂಬ ಸೂಚನೆ ಎಲ್ಲ ಹಾಕಿ ನೋಡಿ, ಕೊನೆಗೆ ವಾಕ್ಯವನ್ನು ತಿರುಗಿಸಿದೆ. 'ಬಂದದ್ದು ಮೂರು ವರ್ಷದ ಮೇಲೆ.' ಗೆರೆ, ಬಾಣ, ಸೂಚನೆ ಮೂರನ್ನೂ ರಬ್ಬರಿನಿಂದ ಅಳಿಸಿದೆ.

ಆರನೇ ಸಾಲಿಗೆ ಬರುತ್ತೇನೆ. ಶೇಷಾದ್ರಿ ಅಯ್ಯರ್ 1883ರಿಂದ ಮೈಸೂರಿನ ದಿವಾನರು. ಅವರು ತೀರಿಕೊಂಡದ್ದು 1901ರ ಸೆಪ್ಟೆಂಬರಿನಲ್ಲಿ. ವಿದ್ಯುತ್ತು ಹರಿದದ್ದು ಮರುವರ್ಷದ ಜೂನ್ ಕೊನೆಗೆ. ಪೂರ್ತಿ ಹತ್ತು ತಿಂಗಳೂ ಇಲ್ಲ. ಇಂಥ ಕಡೆ 'ದುಃಖದಿಂದ' ಎಂದು ಬರೆದರೆ ಏನಾಗುತ್ತದೆ ಎಂಬುದು ಎಲ್ಲರೂ ಕೇಳಿರುವ ಸದ್ದು: ದನಿ ಗದ್ಗದವಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ, ಹಿಂದೆ ಪಿಟೀಲು ಶುರುವಾಗುತ್ತದೆ. ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಸಾವಿಗೆ ನಿರೂಪಕ ಅಳುವುದನ್ನು ಯಾರೂ ನಂಬುವುದಿಲ್ಲ.

ನಾನು ಭಾವದ ಬದಲು ದೂರವನ್ನು ಬರೆಯುತ್ತೇನೆ. ಈ ಮಾತನ್ನು ಯಾರಿಗೆ ಹೇಳುತ್ತಿದ್ದೀರಿ, ಅವರು ಎಷ್ಟು ದೂರ ಕೂತಿದ್ದಾರೆ? ಮೂರನೇ ಸಾಲಿಗೆ 'ಅಂಗಳದಲ್ಲಿ ಕೂತ ನಾಲ್ಕೈದು ಜನಕ್ಕೆ' ಎಂದಿತ್ತು. ಆರನೆಯದಕ್ಕೆ 'ಜಗುಲಿಯಲ್ಲಿ ಪಕ್ಕ ಕೂತ ಒಬ್ಬರಿಗೆ'. ದೂರ ಕಡಿಮೆಯಾದ ಕೂಡಲೇ ದನಿಯ ಗಟ್ಟಿತನ ತಾನೇ ಇಳಿಯುತ್ತದೆ, ಆದರೆ ಗದ್ಗದವಾಗುವುದಿಲ್ಲ. ಮೈಕಿಗೂ ಇದು ಅನ್ವಯಿಸುತ್ತದೆ. ಮೊದಲ ಸಾಲುಗಳಿಗೆ ಮೈಕಿನಿಂದ ಒಂದು ಗೇಣು, ಇಲ್ಲಿಗೆ ಅದರ ಅರ್ಧ. ಸ್ಟುಡಿಯೊದಲ್ಲಿ ಸಾಮಾನ್ಯವಾಗಿ ಬಳಸುವ ಮೈಕುಗಳು ಹತ್ತಿರದ ದನಿಯ ತಗ್ಗಿನ ಸ್ವರಗಳನ್ನು ಹೆಚ್ಚಿಸಿ ಹಿಡಿಯುತ್ತವೆ, ಹಾಗಾಗಿ ಏನೂ ನಟಿಸದೆಯೇ ಆಪ್ತತೆ ಬರುತ್ತದೆ. ಅತಿ ಮಾಡಿದರೆ ಗುಂಯ್‌ಗುಡುತ್ತದೆ, ಬಾಯಿಯ ತೇವದ ಸದ್ದೂ ಕೇಳುತ್ತದೆ.

ಅಂಚಿನ ಪ್ರಶ್ನೆ 'ಅವರು ಬಂದಿದ್ದರಾ?' ಎಂದಿತ್ತು. ಉತ್ತರ: 'ನೋಡಲಿಲ್ಲ.' ಅಲ್ಲಿ ಪೂರ್ತಿ ನಿಲುಗಡೆ. ಆಮೇಲಿನ ವಾಕ್ಯಕ್ಕೆ ಒಂದೇ ಸೂಚನೆ: 'ದನಿ ಇಳಿಸಬೇಡಿ, ಚಿತ್ರ ಇಳಿಸುತ್ತದೆ.' ಯಾಕೆಂದರೆ ತೆರೆಯ ಮೇಲೆ ಆಗ ಅವರ ಭಾವಚಿತ್ರ ನಿಧಾನವಾಗಿ ಕಪ್ಪಾಗುತ್ತಿರುತ್ತದೆ. ಚಿತ್ರ ಮಾಡುತ್ತಿರುವ ಕೆಲಸವನ್ನೇ ದನಿಯೂ ಮಾಡಹೊರಟರೆ ಎರಡೂ ಸೋಲುತ್ತವೆ. 'ನಿಧನರಾಗಿದ್ದರು' ಬಿಟ್ಟು 'ತೀರಿಕೊಂಡಿದ್ದರು' ಎಂದದ್ದಕ್ಕೂ ಇದೇ ಕಾರಣ. ನಿಧನ ಪತ್ರಿಕೆಯ ಪದ, ಅದನ್ನು ಓದಿದರೆ ವಾರ್ತೆಯ ದನಿ ಬರುತ್ತದೆ. ಪಕ್ಕ ಕೂತವರಿಗೆ ಹೇಳುವಾಗ ಯಾರಾದರೂ ತೀರಿಕೊಳ್ಳುತ್ತಾರೆ, ಇಲ್ಲವೇ ಹೋಗಿಬಿಡುತ್ತಾರೆ.

ಮೇಷ್ಟ್ರು ಈ ಸಾಲನ್ನು ಮೂರು ಸಲ ಹೇಳಿದರು. ಮೊದಲನೆಯದರಲ್ಲಿ 'ಶೇಷಾದ್ರಿ ಅಯ್ಯರ್' ಎಂಬುದು ದೊಡ್ಡದಾಯಿತು. ಹೆಸರು ಬಂದಾಗ ಗೌರವಕ್ಕೆ ದನಿ ಏರಿಸುವುದು ಅವರ ತಲೆಮಾರಿನ ವೇದಿಕೆಯ ಅಭ್ಯಾಸ. ಎರಡನೆಯದು ಸರಿಯಿತ್ತು, ಆದರೆ ಹಾಳೆಯ ಮೇಲಿನ ಗುರುತುಗಳನ್ನೆಲ್ಲ ಪಾಲಿಸಿದ ಸದ್ದಿತ್ತು. ಕಣ್ಣು ಮುಚ್ಚಿ ಕೇಳಿದರೆ ಇದು ಪತ್ತೆಯಾಗುತ್ತದೆ. ಗುರುತು ಕಿವಿಗೆ ಕಂಡರೆ ಆ ಟೇಕು ಆಗಲಿಲ್ಲ. "ಮೇಷ್ಟ್ರೇ, ಈ ಸಲ ಹಾಳೆ ಪಕ್ಕಕ್ಕಿಡಿ" ಅಂದೆ. ಟಾಕ್‌ಬ್ಯಾಕಿನಲ್ಲಿ ಪ್ರಶ್ನೆ ಕೇಳಿದೆ. ಅವರು ತಲೆಯಾಡಿಸಿ, "ಇದನ್ನು ನೋಡಲಿಲ್ಲ" ಎಂಬಲ್ಲಿ ನಾನು ಯೋಚಿಸಿಯೇ ಇರದ ಕೆಲಸವೊಂದನ್ನು ಮಾಡಿದರು. 'ಇದನ್ನು' ಎಂಬುದಾದ ಮೇಲೆ ಕೂದಲೆಳೆಯಷ್ಟು ತಡೆದರು. ಅಷ್ಟರಲ್ಲಿ ನೀರು, ತಂತಿ, ಗಣಿ ಎಲ್ಲವೂ 'ಇದು' ಎಂಬುದರೊಳಗೆ ಬಂದು ಸೇರಿದವು. ನನ್ನ ಹಾಳೆಯಲ್ಲಿ ಅಲ್ಲಿ ಗುರುತಿರಲಿಲ್ಲ. ಆಮೇಲೆ ಹಾಕಿಕೊಂಡೆ, ಎಡಿಟರಿಗೆ ಗೊತ್ತಾಗಲಿ ಎಂದು.

ಕೊನೆಯ ಸಾಲು. ಕೋಲಾರದ ಗಣಿ ಮುಚ್ಚಿದ್ದು 2001ರ ಫೆಬ್ರುವರಿಯಲ್ಲಿ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ. ಕಳಿಸಿದವರಿಗೆ ಇಲ್ಲಿ 'ಭರವಸೆ' ಬೇಕಿತ್ತು, ನನಗೆ ಬೇಕಿರಲಿಲ್ಲ. ಪ್ರಶ್ನೆ ಒಂದೇ ಪದ: 'ಈಗ?' 'ಗಣಿ ಈಗ ಮುಚ್ಚಿದೆ' ಆದ ಮೇಲೆ ಎರಡು ಓರೆಗೆರೆ. ಆದರೆ ಇದು ಉಸಿರಿನ ನಿಲುಗಡೆಯಲ್ಲ, ವ್ಯಾಕರಣದ್ದೂ ಅಲ್ಲ. ಅಲ್ಲಿ 'ನೀರಿನ ಸದ್ದು ಬಂದ ಮೇಲೆ' ಎಂದು ಬರೆದಿದ್ದೆ. ಗಣಿಯ ಚೌಕಟ್ಟಿನ ಚಿತ್ರದ ಮೇಲೆಯೇ ದೂರದ ಜಲಪಾತದ ಸದ್ದು ಏರತೊಡಗುತ್ತದೆ, ಅದಕ್ಕೆ ಜಾಗ ಬಿಟ್ಟು ಮಾತು ಮುಂದುವರಿಯಬೇಕು. ಮೇಷ್ಟ್ರ ಕಿವಿಯ ಹೆಡ್‌ಫೋನಿಗೆ ಆ ಸದ್ದನ್ನು ಹಾಕಿದೆವು. ಅದು ಕೇಳಿಸಿದ ಮೇಲೆ 'ನೀರು ಬೀಳುತ್ತಲೇ ಇದೆ' ಎಂದರು, ಕಿಟಕಿಯಾಚೆ ನೋಡಿ ಮಳೆ ನಿಂತಿಲ್ಲ ಎಂದು ಹೇಳುವ ಹಾಗೆ. 'ಲೇ' ಎಳೆಯಲಿಲ್ಲ. ಒಂದೇ ಟೇಕು.

ಎಲ್ಲ ಮುಗಿದು ಎರಡು ವಾರಕ್ಕೆ ಫೋನ್ ಬಂತು. ಚಿತ್ರ ಮಾಡಿಸಿದವರಿಗೆ ಏಳನೇ ಸಾಲಿನಲ್ಲಿ 'ಮೂರು ವರ್ಷದ ಮೇಲೆ' ಬೇಡವಂತೆ, ಇಸವಿಯೇ ಬರಬೇಕಂತೆ: 'ಸಾವಿರದ ಒಂಬೈನೂರ ಐದರಲ್ಲಿ.' ಏಳು ಅಕ್ಷರದ ಜಾಗಕ್ಕೆ ಹನ್ನೆರಡು. ಒಂದು ಸೆಕೆಂಡು ಹೆಚ್ಚು. ಎಡಿಟರ್ ಒಪ್ಪಿದರು. ಆದರೆ ಒಂದೇ ಸಾಲನ್ನು ಮತ್ತೆ ಹಿಡಿದು ಹಳೆಯದರ ನಡುವೆ ಕೂರಿಸುವುದು ಹೊಸದಾಗಿ ಇಡೀ ತುಣುಕನ್ನು ಹಿಡಿಯುವುದಕ್ಕಿಂತ ಕಷ್ಟ. ಪಿಕಪ್ ಎನ್ನುವ ಈ ಕೆಲಸದಲ್ಲಿ ಸೋಲುವುದು ಭಾವದಿಂದಲ್ಲ, ಗಂಟಲಿನಿಂದ. ಬೆಳಿಗ್ಗೆಯ ದನಿ ತಗ್ಗು, ಸಂಜೆಯದು ಸವೆದದ್ದು. ನಾಲ್ಕು ಬೆರಳು ಹಿಂದೆ ಕೂತರೂ ಬೇರೆ ಮನುಷ್ಯನ ದನಿ.

ಅದಕ್ಕೇ ಹಾಳೆಯ ಕೆಳಗೆ ಒಂದು ಸಾಲು ಬರೆದಿಟ್ಟುಕೊಂಡಿರುತ್ತೇನೆ. ಅವತ್ತಿನದನ್ನು ತೆಗೆದು ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿದೆ: "ಬೆಳಿಗ್ಗೆ ಹನ್ನೊಂದು ಗಂಟೆ. ಮೈಕಿಗೆ ಒಂದು ಗೇಣು, ಆರನೇ ಸಾಲಿಗೆ ಅರ್ಧ ಗೇಣು, ಏಳಕ್ಕೆ ಮತ್ತೆ ಒಂದು ಗೇಣು. ನಿಂತು ಓದಿದ್ದು. ಕಾಫಿ ಆಗಿ ಅರ್ಧ ಗಂಟೆ."

"ಉಪ್ಪಿಟ್ಟೂ ಆಗಿತ್ತು" ಅಂದರು ಮೇಷ್ಟ್ರು. "ಅದನ್ನು ಬರೆದುಕೊಂಡಿಲ್ಲವಾ?"